ಹೊಸ ಬೆಲ್ಟ್ ಹಾಕಿದ ಮೇಲೂ ಕಿರುಚಾಟ ಮರಳಿದರೆ: ಎಸಿ ಮತ್ತು ಆಲ್ಟರ್ನೇಟರ್ ಬೆಲ್ಟಿನ ದೋಷ ಪತ್ತೆ

ಬಾನೆಟ್ಟಿನ ಒಳಗಿನಿಂದ ಕಿರುಚುವ ಶಬ್ದ ಬಂದರೆ ನಮ್ಮ ಕಡೆಯ ಗ್ಯಾರೇಜುಗಳಲ್ಲಿ ಸಿಗುವ ಮೊದಲ ಉತ್ತರ ‘ಫ್ಯಾನ್ ಬೆಲ್ಟ್ ಲೂಸ್ ಆಗಿದೆ’ ಎಂಬುದು. ಇಂದಿನ ಹೆಚ್ಚಿನ ಕಾರುಗಳಲ್ಲಿ ಆ ಬೆಲ್ಟ್ ಫ್ಯಾನನ್ನು ತಿರುಗಿಸುವುದೇ ಇಲ್ಲ, ರೇಡಿಯೇಟರಿನ ಫ್ಯಾನಿಗೆ ಅದರದೇ ಮೋಟರು ಇರುತ್ತದೆ. ಆದರೂ ಹಳೆಯ ಹೆಸರು ಉಳಿದುಕೊಂಡಿದೆ, ಅದರೊಂದಿಗೆ ಹಳೆಯ ಚಿಕಿತ್ಸೆಯೂ ಉಳಿದುಕೊಂಡಿದೆ: ಬಿಗಿ ಮಾಡುವುದು, ಅದಕ್ಕೂ ಬಗ್ಗದಿದ್ದರೆ ಬೆಲ್ಟ್ ಬದಲಿಸುವುದು. ಹತ್ತರಲ್ಲಿ ಹಲವು ಕಾರುಗಳಿಗೆ ಇದು ಸಾಕಾಗುತ್ತದೆ. ಹೊಸ ಬೆಲ್ಟ್ ಹಾಕಿದ ಮೂರು ನಾಲ್ಕು ವಾರಗಳಲ್ಲಿ ಅದೇ ಶಬ್ದ ಮರಳಿ ಬಂದ ಕಾರುಗಳನ್ನು ಗಮನದಲ್ಲಿಟ್ಟುಕೊಂಡು ಈ ಬರಹವನ್ನು ಸಿದ್ಧಪಡಿಸಲಾಗಿದೆ. ಕ್ರ್ಯಾಂಕ್ ಪುಲ್ಲಿಯಿಂದ ಹೊರಟು ಎಸಿ ಕಂಪ್ರೆಸರ್ ಮತ್ತು ಆಲ್ಟರ್ನೇಟರ್ ಎರಡನ್ನೂ ತಿರುಗಿಸುವ, ಒಳಮೈಯಲ್ಲಿ ಉದ್ದುದ್ದ ಗೆರೆಗಳಿರುವ ಒಂದೇ ಬೆಲ್ಟ್ ಇರುವ, ಬೋಲ್ಟು ತಿರುಗಿಸಿ ಕೈಯಿಂದಲೇ ಬಿಗಿ ಮಾಡುವ ವ್ಯವಸ್ಥೆಯ ಸಣ್ಣ ಕಾರನ್ನು ಇಲ್ಲಿ ಮಾದರಿಯಾಗಿ ತೆಗೆದುಕೊಂಡಿದ್ದೇನೆ.

ಕೆಲಸಕ್ಕೆ ಇಳಿಯುವ ಮುನ್ನ ಒಂದು ಮಾತು. ಎಂಜಿನ್ ಓಡುತ್ತಿರುವಾಗ ಬೆಲ್ಟಿನ ಬಳಿ ಹೋಗುವವರು ಲುಂಗಿಯ ಅಂಚು, ಕೊರಳಿನ ಗುರುತಿನ ಚೀಟಿಯ ಪಟ್ಟಿ, ಸಡಿಲವಾದ ತೋಳು ಇವುಗಳನ್ನು ದೂರವಿಡಬೇಕು. ಕೈ ಹಾಕಿ ಮುಟ್ಟಿ ನೋಡುವ ಪರೀಕ್ಷೆಗಳನ್ನು ಎಂಜಿನ್ ನಿಲ್ಲಿಸಿ, ಕೀಲಿ ತೆಗೆದು, ಬ್ಯಾಟರಿಯ ನೆಗೆಟಿವ್ ತಂತಿಯನ್ನು ಬಿಡಿಸಿದ ಮೇಲೆಯೇ ಮಾಡಬೇಕು, ಏಕೆಂದರೆ ಎಂಜಿನ್ ಬಿಸಿಯಿದ್ದರೆ ಕೆಲವು ಕಾರುಗಳಲ್ಲಿ ರೇಡಿಯೇಟರ್ ಫ್ಯಾನು ಕೀಲಿ ತೆಗೆದ ನಂತರವೂ ತಾನಾಗಿ ತಿರುಗಲು ತೊಡಗುತ್ತದೆ.

ಬೆಲ್ಟ್ ಕಿರುಚುವುದೇಕೆ

ಬೆಲ್ಟ್ ಪುಲ್ಲಿಯ ಮೇಲೆ ಒಂದೇ ಸಮನೆ ಜಾರುವುದಿಲ್ಲ. ರಬ್ಬರು ಲೋಹವನ್ನು ಕಚ್ಚುತ್ತದೆ, ಎಳೆತ ಮೀರಿದಾಗ ಬಿಡುತ್ತದೆ, ಮತ್ತೆ ಕಚ್ಚುತ್ತದೆ. ಒಂದು ಸೆಕೆಂಡಿನಲ್ಲಿ ಬಹಳಷ್ಟು ಸಲ ನಡೆಯುವ ಈ ಕಚ್ಚು ಬಿಡುವಿನ ಆಟವೇ ನಮಗೆ ಕಿರುಚಾಟವಾಗಿ ಕೇಳಿಸುತ್ತದೆ. ಆದುದರಿಂದ ಶಬ್ದ ಬಂದಾಗ ಕೇಳಬೇಕಾದ ಪ್ರಶ್ನೆ ಒಂದೇ: ಪುಲ್ಲಿ ಕೇಳುತ್ತಿರುವ ಎಳೆತ ಹೆಚ್ಚಾಗಿದೆಯೇ, ಅಥವಾ ಬೆಲ್ಟಿನ ಹಿಡಿತ ಕಡಿಮೆಯಾಗಿದೆಯೇ?

ಎಳೆತ ಎಷ್ಟಿರುತ್ತದೆ ಎಂಬುದನ್ನು ಆಲ್ಟರ್ನೇಟರಿನ ಲೆಕ್ಕದಿಂದ ಅಂದಾಜಿಸಬಹುದು. ಎಂಜಿನ್ ಐಡಲಿಂಗ್‌ನಲ್ಲಿ ನಿಮಿಷಕ್ಕೆ 800 ಸುತ್ತು ತಿರುಗುವಾಗ ಆಲ್ಟರ್ನೇಟರಿನ ಚಿಕ್ಕ ಪುಲ್ಲಿ ಸುಮಾರು ಎರಡೂವರೆ ಪಟ್ಟು ವೇಗದಲ್ಲಿ, ಅಂದರೆ 2000 ಸುತ್ತಿನ ಆಸುಪಾಸಿನಲ್ಲಿ ತಿರುಗುತ್ತದೆ. ಆಗ ಅದು 14 ವೋಲ್ಟಿನಲ್ಲಿ 40 ಆಂಪಿಯರ್ ಕೊಡುತ್ತಿದೆ ಎಂದಿಟ್ಟುಕೊಂಡರೆ ಹೊರಬರುವ ವಿದ್ಯುತ್ತು 560 ವಾಟ್. ಒಳಗಿನ ನಷ್ಟವನ್ನು ಸೇರಿಸಿದರೆ ಬೆಲ್ಟ್ ಸುಮಾರು 1000 ವಾಟ್ ಸಾಗಿಸಬೇಕಾಗುತ್ತದೆ. ಐದೂವರೆ ಸೆಂಟಿಮೀಟರ್ ಅಡ್ಡಳತೆಯ ಪುಲ್ಲಿಯ ಅಂಚಿನಲ್ಲಿ ಇದು ಸುಮಾರು 18 ಕಿಲೊ ತೂಕದಷ್ಟು ಎಳೆತ. ಕಂಪ್ರೆಸರಿನ ಬೇಡಿಕೆ ಇದಕ್ಕಿಂತ ಹೆಚ್ಚಾದರೂ ಅದರ ಪುಲ್ಲಿ ದೊಡ್ಡದು, ಬೆಲ್ಟ್ ಅದನ್ನು ಸುತ್ತುವರಿಯುವ ಉದ್ದವೂ ಹೆಚ್ಚು. ಹೀಗಾಗಿ ಎಸಿ ಒತ್ತಿದಾಗ ಕಿರುಚಾಟ ಬಂದರೂ ಜಾರುತ್ತಿರುವುದು ಆಲ್ಟರ್ನೇಟರಿನ ಪುಲ್ಲಿಯಾಗಿರುವ ಸಾಧ್ಯತೆ ಸಾಕಷ್ಟಿದೆ. ಎಸಿ ಒತ್ತಿದೊಡನೆ ಒಳಗಿನ ಬ್ಲೋವರು, ಮುಂದಿನ ಕಂಡೆನ್ಸರ್ ಫ್ಯಾನು, ಕಂಪ್ರೆಸರಿನ ಕ್ಲಚ್ಚಿನ ಸುರುಳಿ ಎಲ್ಲವೂ ವಿದ್ಯುತ್ತು ಕೇಳುತ್ತವೆ, ಅದನ್ನು ಕೊಡಬೇಕಾದುದು ಆಲ್ಟರ್ನೇಟರೇ. ಈ ಸಂಗತಿಯನ್ನು ಮರೆತು ಕಂಪ್ರೆಸರನ್ನು ಬಿಚ್ಚಿದವರು ಹಲವರಿದ್ದಾರೆ.

ಇನ್ನು ಹಿಡಿತದ ವಿಷಯ. ಗೆರೆಗಳಿರುವ ಬೆಲ್ಟಿನ ಪ್ರತಿ ಗೆರೆಯೂ ಕೆಳಗೆ ಕಿರಿದಾಗುತ್ತಾ ಹೋಗುವ ಒಂದು ಬೆಣೆ. ಪುಲ್ಲಿಯ ಕಚ್ಚು 40 ಡಿಗ್ರಿ ಕೋನದ್ದಾಗಿದ್ದು, ಬೆಣೆ ಅದರೊಳಗೆ ಇಳಿದು ಎರಡೂ ಬದಿಯ ಗೋಡೆಗಳನ್ನು ಒತ್ತುತ್ತದೆ. ಈ ಬೆಣೆಯ ಒತ್ತಿನಿಂದ, ಅಷ್ಟೇ ಬಿಗಿಯಲ್ಲಿರುವ ಚಪ್ಪಟೆ ಬೆಲ್ಟಿಗೆ ಹೋಲಿಸಿದರೆ ಹಿಡಿತ ಲೆಕ್ಕದಲ್ಲಿ ಹತ್ತಿರ ಹತ್ತಿರ ಮೂರು ಪಟ್ಟಾಗುತ್ತದೆ. ಬೆಣೆಯ ತುದಿ ಕಚ್ಚಿನ ತಳಕ್ಕೆ ತಾಗಬಾರದು. ತಾಗಿದ ಕ್ಷಣದಿಂದ ಬೆಲ್ಟ್ ತಳದ ಮೇಲೆ ಕುಳಿತು ಚಪ್ಪಟೆ ಬೆಲ್ಟಿನಂತೆ ವರ್ತಿಸತೊಡಗುತ್ತದೆ, ಆ ಮೂರು ಪಟ್ಟಿನ ಲಾಭ ಕರಗುತ್ತದೆ, ಬೋಲ್ಟನ್ನು ಎಷ್ಟು ತಿರುಗಿಸಿದರೂ ಅದು ಮರಳುವುದಿಲ್ಲ. ಕೆಳಗೆ ವಿವರಿಸಿರುವ ಕಟಪಾಡಿಯ ಕಾರಿನ ಕತೆ ಈ ಒಂದು ಸಂಗತಿಯ ಮೇಲೆ ನಿಂತಿದೆ.

ಶಬ್ದ ಯಾವಾಗ ಬರುತ್ತದೆ

ಉಪಕರಣ ಹಿಡಿಯುವುದಕ್ಕೆ ಮೊದಲು ಶಬ್ದ ಬರುವ ಹೊತ್ತನ್ನು ಎರಡು ಮೂರು ದಿನ ಗಮನಿಸಿ ಬರೆದಿಡುವುದು ಒಳ್ಳೆಯದು. ಮಳೆಗಾಲದ ಬೆಳಿಗ್ಗೆ ಗಾಡಿ ಸ್ಟಾರ್ಟ್ ಮಾಡಿದಾಗ ಮೂರು ನಾಲ್ಕು ಸೆಕೆಂಡು ಕುಂಯ್ಗುಟ್ಟಿ ಸುಮ್ಮನಾಗುವ ಬೆಲ್ಟಿಗೆ ದೊಡ್ಡ ರೋಗವಿಲ್ಲ. ಉಡುಪಿ, ಮಂಗಳೂರಿನ ಜೂನ್, ಜುಲೈ ತಿಂಗಳ ಗಾಳಿಯಲ್ಲಿ ರಾತ್ರಿಯಿಡೀ ಹೊರಗೆ ನಿಂತ ಕಾರಿನ ಬೆಲ್ಟಿನ ಮೇಲೆ ತೇವದ ತೆಳು ಪೊರೆ ಕೂರುತ್ತದೆ, ಅದೇ ಹೊತ್ತಿಗೆ ಸ್ಟಾರ್ಟಿಂಗ್‌ನಲ್ಲಿ ಕಳೆದುಕೊಂಡ ವಿದ್ಯುತ್ತನ್ನು ಬ್ಯಾಟರಿ ಮರಳಿ ಎಳೆದುಕೊಳ್ಳುತ್ತದೆ. ಎರಡೂ ಬೇಗನೆ ಕಳೆಯುತ್ತವೆ. ಶಬ್ದ ಹದಿನೈದು ಸೆಕೆಂಡು ದಾಟಿದರೆ ಅಥವಾ ಬಿಸಿಲಿನಲ್ಲಿ ಒಣಗಿದ ಗಾಡಿಯಲ್ಲೂ ಬಂದರೆ ಮುಂದುವರಿಯಬೇಕು.

ಬ್ಯಾಟರಿ ಹಳೆಯದಾಗಿದ್ದರೆ ಬೆಳಗಿನ ಕಿರುಚಾಟ ನಿಮಿಷಗಟ್ಟಲೆ ಎಳೆಯುತ್ತದೆ. ರಾತ್ರಿ ನಿಂತ ಕಾರಿನ ಬ್ಯಾಟರಿಗೆ ಬೆಳಿಗ್ಗೆ ಮಲ್ಟಿಮೀಟರ್ ಹಿಡಿದಾಗ 12.6 ವೋಲ್ಟಿನ ಹತ್ತಿರ ತೋರಿಸಬೇಕು. 12.2 ತೋರಿಸಿದರೆ ಅದು ಅರ್ಧ ಖಾಲಿಯಾಗಿದೆ ಎಂದು ಅರ್ಥ, ಮತ್ತು ಪ್ರತಿ ಬೆಳಿಗ್ಗೆ ಬೆಲ್ಟ್ ಆ ಕೊರತೆಯ ಹೊರೆ ಹೊರುತ್ತಿದೆ. ಇಂಥ ಗಾಡಿಯಲ್ಲಿ ಬೆಲ್ಟನ್ನು ದೂರಿ ಪ್ರಯೋಜನವಿಲ್ಲ.

ಗಾಡಿ ನಿಂತಿರುವಾಗ ಮಾತ್ರ, ಅದೂ ಎಸಿ ಹಾಕಿ ಐದು ಹತ್ತು ನಿಮಿಷ ಕಳೆದ ಮೇಲೆ ಶಬ್ದ ಹುಟ್ಟುತ್ತದೆ ಎಂದಾದರೆ ಕಂಪ್ರೆಸರಿನ ಹೊರೆಯನ್ನು ಶಂಕಿಸಬೇಕು. ಕಲ್ಸಂಕದ ಸಿಗ್ನಲ್ಲಿನಲ್ಲಿ ಸಿಕ್ಕಿಕೊಂಡಾಗ ಕಿರುಚಿ, ಹೆದ್ದಾರಿಯಲ್ಲಿ ವೇಗ ಹಿಡಿದೊಡನೆ ಸುಮ್ಮನಾಗುವ ಗಾಡಿಯಲ್ಲಿ ಕಂಡೆನ್ಸರಿನ ಮುಂದೆ ಗಾಳಿ ಆಡುತ್ತಿಲ್ಲ. ಎಸಿ ಹಾಕಿ ಫ್ಯಾನು ತಿರುಗುತ್ತಿದೆಯೇ ಎಂದು ನೋಡಿ, ಆಮೇಲೆ ಕಂಡೆನ್ಸರಿನ ರೆಕ್ಕೆಗಳ ನಡುವೆ ಕೆಂಪು ಧೂಳು ಮತ್ತು ಎಲೆ ಕಸ ಕಟ್ಟಿಕೊಂಡಿದೆಯೇ ಎಂದು ನೋಡಿ. ಗಾಳಿ ಸಿಗದ ಕಂಡೆನ್ಸರಿನಲ್ಲಿ ಅನಿಲದ ಒತ್ತಡ ಏರುತ್ತಾ ಹೋಗುತ್ತದೆ, ಕಂಪ್ರೆಸರ್ ತಿರುಗಿಸುವುದು ಅಷ್ಟೇ ಕಷ್ಟವಾಗುತ್ತದೆ. ಅಗತ್ಯಕ್ಕಿಂತ ಹೆಚ್ಚು ಗ್ಯಾಸ್ ತುಂಬಿಸಿದ ಗಾಡಿಯಲ್ಲೂ ಇದೇ ಲಕ್ಷಣ ಕಾಣುತ್ತದೆ, ಮತ್ತು ‘ತಂಪು ಸಾಲದು’ ಎಂದು ಪ್ರತಿ ಬೇಸಿಗೆಯಲ್ಲಿ ಅಳತೆಯಿಲ್ಲದೆ ಗ್ಯಾಸ್ ಹಾಕಿಸಿಕೊಳ್ಳುವ ಅಭ್ಯಾಸ ನಮ್ಮಲ್ಲಿ ಅಪರೂಪವಲ್ಲ.

ಕ್ಲಚ್ ಇರುವ ಕಂಪ್ರೆಸರಿನಲ್ಲಿ ಇನ್ನೊಂದು ಭ್ರಮೆಗೆ ಅವಕಾಶವಿದೆ. ಕ್ಲಚ್ಚಿನ ತಟ್ಟೆಯೇ ಜಾರಿದರೂ ಕಿರುಚುವ ಶಬ್ದ ಬರುತ್ತದೆ. ಎಸಿ ಹಾಕಿದಾಗ ‘ಟಕ್’ ಎಂದು ಕಚ್ಚಿಕೊಂಡ ಮೇಲೆ ಮುಂದಿನ ತಟ್ಟೆ ಪುಲ್ಲಿಯ ವೇಗದಲ್ಲೇ ತಿರುಗಬೇಕು. ಅದು ತಡವರಿಸಿದರೆ, ಸುಟ್ಟ ವಾಸನೆ ಬಂದರೆ, ಬೆಲ್ಟಿನಲ್ಲಿ ದೋಷವಿಲ್ಲ. ತಟ್ಟೆ ಕಚ್ಚಿಕೊಂಡೊಡನೆ ಎಂಜಿನ್ನೇ ಆಫ್ ಆಗುವಂತೆ ಕುಗ್ಗಿದರೆ ಕಂಪ್ರೆಸರ್ ಒಳಗೆ ಹಿಡಿದುಕೊಂಡಿದೆ ಎಂದು ತಿಳಿದು ಎಸಿಯನ್ನು ಮುಟ್ಟದೆ ಬಿಡಬೇಕು. ಕೆಲವು ಕಾರುಗಳಲ್ಲಿ ವಾಟರ್ ಪಂಪನ್ನೂ ಇದೇ ಬೆಲ್ಟ್ ತಿರುಗಿಸುತ್ತದೆ, ಅಲ್ಲಿ ಬೆಲ್ಟ್ ತುಂಡಾದರೆ ಚಾರ್ಜಿಂಗ್ ನಿಲ್ಲುವುದರ ಜತೆಗೆ ಎಂಜಿನ್ನೂ ಕೆಲವೇ ನಿಮಿಷಗಳಲ್ಲಿ ಕುದಿಯುತ್ತದೆ.

ನೀರಿನ ಪರೀಕ್ಷೆ

ಬೆಲ್ಟಿನ ಶಬ್ದದಲ್ಲಿ ಎರಡು ಬಗೆ. ಹಕ್ಕಿಯ ಚಿಲಿಪಿಲಿಯಂತೆ ಬಿಟ್ಟು ಬಿಟ್ಟು ಬರುವುದು, ಐಡಲಿಂಗ್‌ನಲ್ಲೇ ಹೆಚ್ಚಾಗಿ ಕೇಳಿಸುವುದು ಒಂದು. ಹೊರೆ ಬಿದ್ದಾಗ ಉದ್ದಕ್ಕೆ ಎಳೆದು ಕಿರುಚುವುದು ಇನ್ನೊಂದು. ಕಿವಿ ಪಳಗದವರಿಗೆ ಇವು ಒಂದೇ ಎನಿಸುವುದುಂಟು, ಅದಕ್ಕೆ ನೀರಿನ ಸಹಾಯ ಪಡೆಯಬಹುದು. ಬಟ್ಟೆ ಇಸ್ತ್ರಿ ಮಾಡುವಾಗ ಬಳಸುವಂಥ ಸ್ಪ್ರೇ ಬಾಟಲಿಯಲ್ಲಿ ಬರಿಯ ನೀರು ತುಂಬಿ, ಎಂಜಿನ್ ಓಡುತ್ತಿರುವಾಗ ದೂರದಿಂದಲೇ ಬೆಲ್ಟಿನ ಗೆರೆಗಳಿರುವ ಮುಖಕ್ಕೆ ಒಂದೆರಡು ಸಲ ಚಿಮುಕಿಸಬೇಕು. ಶಬ್ದ ತಟ್ಟನೆ ಅಡಗಿ, ನೀರು ಆರಿದ ಮೇಲೆ ಮರಳಿ ಬಂದರೆ ಪುಲ್ಲಿಗಳು ಒಂದೇ ಸಾಲಿನಲ್ಲಿಲ್ಲ. ಬೆಲ್ಟ್ ಓರೆಯಾಗಿ ಕಚ್ಚಿನೊಳಗೆ ಇಳಿಯುತ್ತಿದೆ, ಗೆರೆಯ ಬದಿ ಗೋಡೆಗೆ ಉಜ್ಜುತ್ತಿದೆ, ನೀರು ಆ ಉಜ್ಜುವಿಕೆಯನ್ನು ಕ್ಷಣಕಾಲ ಮೃದು ಮಾಡಿತು. ಶಬ್ದ ಇನ್ನಷ್ಟು ಜೋರಾದರೆ ಹಿಡಿತದ ಕೊರತೆಯೇ ನಿಜ, ಇದ್ದ ಅಲ್ಪ ಹಿಡಿತವನ್ನೂ ನೀರು ಕಸಿದುಕೊಂಡಿತು. ಶಬ್ದದಲ್ಲಿ ಯಾವ ವ್ಯತ್ಯಾಸವೂ ಇಲ್ಲದಿದ್ದರೆ ಬೆಲ್ಟನ್ನು ಬಿಚ್ಚಿ, ಒಂದೊಂದೇ ಪುಲ್ಲಿಯನ್ನು ಕೈಯಿಂದ ತಿರುಗಿಸಿ ಬೇರಿಂಗಿನ ಗರಗರ ಹುಡುಕುವುದು ಸರಿಯಾದ ದಾರಿ.

ಸಾಬೂನಿನ ತುಂಡನ್ನು ಬೆಲ್ಟಿಗೆ ಒತ್ತಿ ಹಿಡಿದು ಶಬ್ದ ನಿಲ್ಲಿಸುವ ಪದ್ಧತಿಯೂ ನಮ್ಮಲ್ಲಿದೆ. ಶಬ್ದ ನಿಲ್ಲುವುದು ನಿಜ. ಆದರೆ ಸಾಬೂನಿನ ಪೊರೆ ಕಚ್ಚು ಬಿಡುವಿನ ಆಟವನ್ನು ನಯವಾದ ಜಾರುವಿಕೆಯಾಗಿ ಬದಲಿಸಿರುತ್ತದೆ ಅಷ್ಟೆ, ಬೆಲ್ಟ್ ಈಗ ಸದ್ದಿಲ್ಲದೆ ಜಾರುತ್ತಿರುತ್ತದೆ. ಆ ಅಂಟಿನ ಮೇಲೆ ಲ್ಯಾಟರೈಟಿನ ಕೆಂಪು ಧೂಳು ಕುಳಿತ ಮೇಲೆ ಬೆಲ್ಟ್ ಪುಲ್ಲಿಗೆ ಮರಳು ಕಾಗದವಾಗುತ್ತದೆ. ಅಂಗಡಿಯಲ್ಲಿ ಸಿಗುವ ಬೆಲ್ಟ್ ಸ್ಪ್ರೇಗಳ ಬಗ್ಗೆಯೂ ನನಗೆ ಬೇರೆ ಅಭಿಪ್ರಾಯವಿಲ್ಲ.

ಕಟಪಾಡಿಯ ಕಾರು

ಕಳೆದ ಮಳೆಗಾಲದಲ್ಲಿ ನಮ್ಮ ಕೈಗೆ ಬಂದದ್ದು ಒಂಬತ್ತು ವರ್ಷ ಹಳೆಯ, ತೊಂಬತ್ತು ಸಾವಿರ ಕಿಲೋಮೀಟರ್ ಓಡಿದ ಪೆಟ್ರೋಲ್ ಕಾರು. ಒಡತಿ ಉಪನ್ಯಾಸಕಿ, ಮನೆ ಕಟಪಾಡಿಯಿಂದ ಮಟ್ಟುವಿನ ಕಡೆಗೆ, ಸಮುದ್ರದಿಂದ ಹೆಚ್ಚು ದೂರವಿಲ್ಲ. ಬೇಸಿಗೆ ರಜೆಯಲ್ಲಿ ಅವರು ಮಗಳ ಮನೆಗೆ ಹೋಗಿದ್ದುದರಿಂದ ಗಾಡಿ ಆರು ವಾರ ತೆರೆದ ಚಪ್ಪರದಡಿ ನಿಂತಿತ್ತು. ಜೂನಿನಲ್ಲಿ ಮಣಿಪಾಲಕ್ಕೆ ಹೋಗಿ ಬರಲು ತೊಡಗಿದಾಗ ಕಿರುಚಾಟ ಆರಂಭವಾಯಿತು. ಬೇರೊಂದು ಗ್ಯಾರೇಜಿನಲ್ಲಿ ಬೆಲ್ಟ್ ಬದಲಿಸಿದರು, ಶಬ್ದ ನಿಂತಿತು. ಇಪ್ಪತ್ತು ದಿನಗಳಲ್ಲಿ ಮರಳಿತು. ಬಿಗಿ ಮಾಡಿದರು, ವಾರ ಕಳೆಯುವಷ್ಟರಲ್ಲಿ ಮತ್ತೆ ಬಂತು. ಎರಡನೆಯ ಬೆಲ್ಟ್ ಹಾಕಿ ಇನ್ನೂ ಬಿಗಿ ಮಾಡಿದರು. ನಮ್ಮಲ್ಲಿಗೆ ಬರುವ ಹೊತ್ತಿಗೆ ಕಿರುಚಾಟದ ಜತೆಗೆ ಸಣ್ಣದೊಂದು ಗುಂಯ್ ಶಬ್ದವೂ ಸೇರಿಕೊಂಡಿತ್ತು.

‘ಬೆಲ್ಟ್ ಎರಡೆರಡು ಸಲ ಹೊಸತು ಹಾಕಿ ಆಯಿತು ಮಾರಾಯ್ರೆ, ಇನ್ನು ಕಂಪ್ರೆಸರ್ ಬದಲಿಸಬೇಕು ಅಂತ ಹೇಳ್ತಾರೆ, ಹೌದಾ?’ ಎಂದು ಕೇಳಿದರು.

‘ಮೇಡಂ, ಶಬ್ದ ಎಲ್ಲಿ ಹೆಚ್ಚು ಬರ್ತದೆ ಅಂತ ಮೊದಲು ಹೇಳಿ’ ಎಂದೆ.

ಬೆಳಿಗ್ಗೆ ಮನೆಯಂಗಳದಲ್ಲಿ ಒಮ್ಮೆ, ಮತ್ತೆ ಇಂದ್ರಾಳಿಯ ರೈಲ್ವೆ ಸೇತುವೆಯ ಬಳಿ ಮಳೆಯಲ್ಲಿ ಸಾಲು ನಿಂತಾಗ ಎಂದರು. ಎಸಿ, ವೈಪರು, ಹೆಡ್‌ಲೈಟು, ಹಿಂದಿನ ಗಾಜಿನ ಮಂಜು ಬಿಡಿಸುವ ತಂತಿ ಎಲ್ಲವೂ ಆನ್ ಇರುವ ಹೊತ್ತದು. ವೈಪರ್, ಲೈಟುಗಳನ್ನು ಆಫ್ ಮಾಡಿ ಎಸಿ ಮಾತ್ರ ಉಳಿಸಿದರೆ ಶಬ್ದ ಕಡಿಮೆಯಾಗುತ್ತದೆ ಎಂಬುದನ್ನು ಅವರೇ ಗಮನಿಸಿದ್ದರು. ಕಂಪ್ರೆಸರಿನ ಹೊರೆ ಬದಲಾಗದೆ ಶಬ್ದ ಬದಲಾಗುತ್ತದೆ ಎಂದಾದರೆ ಜಾರುವ ಜಾಗ ಆಲ್ಟರ್ನೇಟರಿನ ಕಡೆಗಿದೆ. ಆ ಒಂದು ಮಾತು ನಮ್ಮ ಅರ್ಧ ದಿನ ಉಳಿಸಿತು.

ಬ್ಯಾಟರಿ 12.6 ತೋರಿಸಿತು, ಅದು ಸರಿಯಿತ್ತು. ಕಂಡೆನ್ಸರ್ ಫ್ಯಾನು ತಿರುಗುತ್ತಿತ್ತು. ನೀರು ಚಿಮುಕಿಸಿದಾಗ ಕಿರುಚಾಟ ಜೋರಾಯಿತು, ಆದುದರಿಂದ ಸಾಲು ತಪ್ಪಿದ ಪುಲ್ಲಿಯ ಸಂಶಯವನ್ನು ಬದಿಗಿಟ್ಟೆವು. ಬೆಲ್ಟ್ ಬಿಗಿಯಾಗಿಯೇ ಇತ್ತು, ಇರಬೇಕಾದುದಕ್ಕಿಂತ ಹೆಚ್ಚೇ ಬಿಗಿ. ಎಂಜಿನ್ ಓಡಿಸಿ ಬ್ಯಾಟರಿಯ ಮೇಲೆ ಮೀಟರ್ ಹಿಡಿದಾಗ 14.2 ವೋಲ್ಟ್ ಬಂತು, ಎಲ್ಲ ಹೊರೆಗಳನ್ನೂ ಹಾಕಿ ಕಿರುಚಾಟ ಹುಟ್ಟಿಸಿದಾಗ 13.1ಕ್ಕೆ ಇಳಿಯಿತು. ಐಡಲಿಂಗ್‌ನಲ್ಲಿ ಹೊರೆ ಹೆಚ್ಚಾದಾಗ ವೋಲ್ಟ್ ತುಸು ಇಳಿಯುವುದು ಆರೋಗ್ಯವಂತ ಗಾಡಿಯಲ್ಲೂ ಇರುವುದರಿಂದ ಇದನ್ನೇ ಸಾಕ್ಷಿಯೆಂದು ಹಿಡಿಯಲಿಲ್ಲ.

ಖಚಿತ ಸಾಕ್ಷಿ ಬೇಕಾದರೆ ಎರಡು ಪುಲ್ಲಿಗಳ ಸುತ್ತನ್ನು ಎಣಿಸಬೇಕು. ಬೆಳಕು ಬಿಟ್ಟು ಸುತ್ತು ಎಣಿಸುವ ಚಿಕ್ಕ ಟ್ಯಾಕೋಮೀಟರ್ ಈಗ ದುಬಾರಿಯಲ್ಲ, ನನ್ನ ಮಟ್ಟಿಗೆ ಈ ಕೆಲಸದಲ್ಲಿ ಅದಕ್ಕಿಂತ ಉಪಯುಕ್ತ ಉಪಕರಣ ಬೇರಿಲ್ಲ. ಎಂಜಿನ್ ನಿಲ್ಲಿಸಿ ಕ್ರ್ಯಾಂಕ್ ಪುಲ್ಲಿಗೂ ಆಲ್ಟರ್ನೇಟರ್ ಪುಲ್ಲಿಗೂ ಹೊಳೆಯುವ ಪಟ್ಟಿಯ ಒಂದೊಂದು ತುಂಡು ಅಂಟಿಸಿದೆವು. ಎಲ್ಲ ಹೊರೆಗಳನ್ನೂ ಆಫ್ ಮಾಡಿ ಓಡಿಸಿದಾಗ ಕ್ರ್ಯಾಂಕ್ 800, ಆಲ್ಟರ್ನೇಟರ್ 2032, ಅಂದರೆ 2.54 ಪಟ್ಟು. ಹೊರೆ ಹಾಕಿ, ಕ್ರ್ಯಾಂಕ್ ಮತ್ತೆ 800ಕ್ಕೆ ನೆಲೆಗೊಂಡ ಮೇಲೆ ನೋಡಿದಾಗ ಆಲ್ಟರ್ನೇಟರ್ 1840, ಅಂದರೆ 2.30 ಪಟ್ಟು ಮಾತ್ರ. ಜಾರುವಿಕೆ ನೂರಕ್ಕೆ ಒಂಬತ್ತನ್ನು ಮೀರಿತ್ತು. ಒಂದೆರಡರಷ್ಟು ರಬ್ಬರಿನ ಸಹಜ ಹಿಗ್ಗುವಿಕೆಯಿಂದ ಬರಬಹುದು, ಒಂಬತ್ತು ಬರಲು ಸಾಧ್ಯವಿಲ್ಲ. ಕಂಪ್ರೆಸರಿನ ಪುಲ್ಲಿಯನ್ನೂ ಇದೇ ರೀತಿ ಅಳೆದೆವು, ಅಲ್ಲಿ ಹೊರೆಯಿದ್ದಾಗಲೂ ಇಲ್ಲದಾಗಲೂ ಅನುಪಾತ ಹೆಚ್ಚುಕಡಿಮೆ ಒಂದೇ ಇತ್ತು.

ಆಮೇಲೆ ಎಂಜಿನ್ ನಿಲ್ಲಿಸಿ, ಟಾರ್ಚು ಬಿಟ್ಟು ಬದಿಯಿಂದ ನೋಡಿದೆವು. ಕಂಪ್ರೆಸರಿನ ಪುಲ್ಲಿಯ ಮೇಲೆ ಬೆಲ್ಟಿನ ಬೆನ್ನು ಪುಲ್ಲಿಯ ಅಂಚಿಗಿಂತ ತುಸು ಎತ್ತರದಲ್ಲಿತ್ತು. ಆಲ್ಟರ್ನೇಟರಿನ ಪುಲ್ಲಿಯ ಮೇಲೆ ಅದೇ ಬೆಲ್ಟಿನ ಬೆನ್ನು ಅಂಚಿನ ಮಟ್ಟಕ್ಕೆ ಇಳಿದಿತ್ತು. ಬೆಲ್ಟ್ ಬಿಚ್ಚಿದಾಗ ಕಾರಣ ಕಣ್ಣಿಗೆ ಬಿತ್ತು. ಪುಲ್ಲಿಯ ಕಚ್ಚುಗಳ ಗೋಡೆಗಳು ಸವೆದು ಒಳಕ್ಕೆ ತಗ್ಗಾಗಿದ್ದವು, ಗೋಡೆಯ ಮೇಲೆ ತುಕ್ಕು ತಿಂದ ಚಿಕ್ಕ ಗುಳಿಗಳಿದ್ದವು, ಕಚ್ಚಿನ ತಳವಂತೂ ಕನ್ನಡಿಯಂತೆ ಹೊಳೆಯುತ್ತಿತ್ತು. ತಳ ಹೊಳೆಯುವುದು ಎಂದರೆ ಬೆಲ್ಟಿನ ಗೆರೆಯ ತುದಿ ಅಲ್ಲಿ ಉಜ್ಜುತ್ತಿದೆ ಎಂದೇ ಅರ್ಥ. ಸರಿಯಾದ ಪುಲ್ಲಿಯಲ್ಲಿ ಹೊಳಪು ಗೋಡೆಗಳಲ್ಲಿದ್ದು ತಳ ಮಂಕಾಗಿರುತ್ತದೆ. ಮೂರು ವಾರ ಹಳೆಯ ಬೆಲ್ಟಿನ ಗೆರೆಗಳ ತುದಿಯೂ ಚಪ್ಪಟೆಯಾಗಿ ಮಿರುಗುತ್ತಿತ್ತು.

ವರ್ಷಗಳ ಧೂಳು ಗೋಡೆಗಳನ್ನು ನಿಧಾನವಾಗಿ ತಿಂದಿತ್ತು. ಆರು ವಾರ ನಿಂತಲ್ಲೇ ನಿಂತಾಗ ಉಪ್ಪುಗಾಳಿಗೆ ಪುಲ್ಲಿಯ ತೆರೆದ ಲೋಹ ತುಕ್ಕು ಹಿಡಿಯಿತು. ಜೂನಿನಲ್ಲಿ ಮತ್ತೆ ಓಡಿಸತೊಡಗಿದಾಗ ಆ ತುಕ್ಕಿನ ಒರಟು ಬೆಲ್ಟಿನ ಗೆರೆಗಳನ್ನು ಅರದಂತೆ ಉಜ್ಜಿತು. ಹೊಸ ಬೆಲ್ಟಿನ ಗೆರೆಗಳು ತುಂಬಿಕೊಂಡಿರುವುದರಿಂದ ಮೊದಲ ಕೆಲವು ದಿನ ಗೋಡೆಗಳನ್ನು ಹೇಗೋ ಕಚ್ಚುತ್ತವೆ, ಕೂದಲೆಳೆಯಷ್ಟು ಸವೆದರೆ ಸಾಕು, ತುದಿ ತಳಕ್ಕೆ ತಾಗುತ್ತದೆ. ಪ್ರತಿ ಹೊಸ ಬೆಲ್ಟ್ ಇಪ್ಪತ್ತು ದಿನ ಶಾಂತಿ ಕೊಟ್ಟು ಮುಗಿಯುತ್ತಿದ್ದುದರ ಗುಟ್ಟು ಇದು. ಹಿಂದಿನವರು ಬೆಲ್ಟನ್ನು ನೋಡಿದ್ದರು, ಅದು ಕೂರುವ ಜಾಗವನ್ನು ನೋಡಿರಲಿಲ್ಲ. ಅವರನ್ನು ದೂರುವುದಕ್ಕೂ ಮನಸ್ಸಾಗುವುದಿಲ್ಲ, ಏಕೆಂದರೆ ಬೆಲ್ಟ್ ಮೇಲಿರುವಾಗ ಕಚ್ಚು ಕಾಣುವುದಿಲ್ಲ, ಬಿಚ್ಚಿದ ಮೇಲೆ ಕೈ ಹೊಸ ಬೆಲ್ಟಿನ ಕಡೆಗೆ ಹೋಗುತ್ತದೆ.

ಗುಂಯ್ ಶಬ್ದ ಬರುತ್ತಿದ್ದುದು ಆಲ್ಟರ್ನೇಟರಿನ ಮುಂದಿನ ಬೇರಿಂಗಿನಿಂದ. ಬೆಲ್ಟ್ ಇಲ್ಲದೆ ಕೈಯಿಂದ ತಿರುಗಿಸಿದಾಗ ಅದು ಒರಟಾಗಿತ್ತು. ಅತಿಯಾಗಿ ಬಿಗಿ ಮಾಡಿದ ಬೆಲ್ಟ್ ಪುಲ್ಲಿಯನ್ನು ಹಗಲಿಡೀ ಒಂದೇ ಕಡೆಗೆ ಎಳೆದುದರ ಫಲವೆಂದು ನನ್ನ ಅನಿಸಿಕೆ, ಒಂಬತ್ತು ವರ್ಷದ ಬೇರಿಂಗ್ ಅದಿಲ್ಲದೆಯೂ ಸವೆದಿರಬಹುದು.

ಹಳೆಯ ಬೆಲ್ಟ್ ಬಿರುಕು ಬಿಟ್ಟಿಲ್ಲ ಎಂಬುದು ಪುರಾವೆಯಲ್ಲ

ಈ ಕಾರಿನ ಮೂಲ ಬೆಲ್ಟನ್ನು ಒಡತಿ ಡಿಕ್ಕಿಯಲ್ಲಿ ಇಟ್ಟುಕೊಂಡಿದ್ದರು, ಅದರಲ್ಲಿ ಒಂದು ಬಿರುಕೂ ಇರಲಿಲ್ಲ. ಹಿಂದಿನ ಕಾಲದ ನಿಯೋಪ್ರೀನ್ ಬೆಲ್ಟುಗಳು ಮುಪ್ಪಾದಾಗ ಗೆರೆಗಳಿಗೆ ಅಡ್ಡವಾಗಿ ಬಿರುಕು ಬಿಡುತ್ತಿದ್ದವು, ಒಂದು ಇಂಚಿನಲ್ಲಿ ಮೂರು ಬಿರುಕು ಕಂಡರೆ ಬದಲಿಸು ಎಂಬ ಲೆಕ್ಕವೂ ಇತ್ತು. ಈಗಿನ ಇಪಿಡಿಎಂ ರಬ್ಬರಿನ ಬೆಲ್ಟುಗಳು ಬಿರುಕು ಬಿಡುವುದು ಬಹಳ ಅಪರೂಪ, ಅವು ಟಯರಿನಂತೆ ಸವೆಯುತ್ತವೆ. ಗೆರೆಗಳ ನಡುವಿನ ಕಣಿವೆ ಅಗಲವಾಗುತ್ತಾ, ಆಳವಾಗುತ್ತಾ ಹೋಗುತ್ತದೆ. ಆದುದರಿಂದ ಬೆರಳಿನಿಂದ ಮಡಿಸಿ ಬಿರುಕು ಹುಡುಕುವುದನ್ನು ಬಿಟ್ಟು, ಹೊಸ ಬೆಲ್ಟಿನ ಕಣಿವೆಯ ಪಕ್ಕದಲ್ಲಿ ಹಳೆಯದರ ಕಣಿವೆಯನ್ನು ಇಟ್ಟು ನೋಡಬೇಕು. ಹೊಸತಾದ ಬೆಲ್ಟಿನ ಗೆರೆಯ ತುದಿ ಮಿರುಗತೊಡಗಿದರೆ ಪುಲ್ಲಿಯನ್ನು ಶಂಕಿಸಬೇಕು.

ಬೆಲ್ಟಿನ ಮೇಲೆ ಎಣ್ಣೆ ಅಥವಾ ಕೂಲೆಂಟಿನ ಜಿಡ್ಡಿದ್ದರೆ ಅದನ್ನು ಒರೆಸಿ ಮತ್ತೆ ಹಾಕುವುದರಲ್ಲಿ ಅರ್ಥವಿಲ್ಲ. ಸೋರಿಕೆ ನಿಲ್ಲಿಸಿ, ಪುಲ್ಲಿಗಳನ್ನು ಶುಚಿಗೊಳಿಸಿ, ಬೇರೆ ಬೆಲ್ಟ್ ಹಾಕಬೇಕು.

ಬದಲಾವಣೆ ಮತ್ತು ಬಿಗಿ

ಆಲ್ಟರ್ನೇಟರನ್ನು ಇಳಿಸಿ ಪುಲ್ಲಿಯನ್ನೂ ಮುಂದಿನ ಬೇರಿಂಗನ್ನೂ ಬದಲಿಸಿದೆವು. ಪುಲ್ಲಿಯ ಕಚ್ಚುಗಳ ಸಂಖ್ಯೆ ಮತ್ತು ಅಡ್ಡಳತೆ ಹಳೆಯದಕ್ಕೆ ಸರಿಯಾಗಿ ಹೊಂದಬೇಕು. ಅಡ್ಡಳತೆ ಬದಲಾದರೆ ಆಲ್ಟರ್ನೇಟರಿನ ವೇಗ ಬದಲಾಗುತ್ತದೆ, ಬೇಕಾದ ಬೆಲ್ಟಿನ ಉದ್ದವೂ ಬದಲಾಗುತ್ತದೆ. ಕೆಲವು ಗಾಡಿಗಳಲ್ಲಿ, ಹೆಚ್ಚಾಗಿ ಡೀಸೆಲ್‌ಗಳಲ್ಲಿ, ಒಂದು ದಿಕ್ಕಿಗೆ ಮಾತ್ರ ಕಚ್ಚಿ ಇನ್ನೊಂದು ದಿಕ್ಕಿಗೆ ಸಲೀಸಾಗಿ ತಿರುಗುವ ಪುಲ್ಲಿ ಇರುತ್ತದೆ. ಅಂಥ ಕಡೆ ಸಾಮಾನ್ಯ ಪುಲ್ಲಿ ಹಾಕಿ ಹಣ ಉಳಿಸಲು ಹೋದರೆ ಬೆಲ್ಟ್ ನಡುಗುವ ಹೊಸ ತೊಂದರೆಯೊಂದು ಹುಟ್ಟಿಕೊಳ್ಳುತ್ತದೆ. ಕಂಪ್ರೆಸರ್ ಮತ್ತು ಕ್ರ್ಯಾಂಕ್ ಪುಲ್ಲಿಗಳ ಕಚ್ಚುಗಳನ್ನು ತಂತಿಯ ಬ್ರಷ್ಷಿನಿಂದ ಮೆಲ್ಲಗೆ ಉಜ್ಜಿ ಒಣಬಟ್ಟೆಯಿಂದ ಒರೆಸಿದೆವು. ಅವುಗಳ ತಳ ಮಂಕಾಗಿಯೇ ಇತ್ತು, ಹಾಗಾಗಿ ಅವನ್ನು ಹಾಗೆಯೇ ಬಿಟ್ಟೆವು. ಮರಳಿ ಕೂರಿಸುವಾಗ ಮೂರೂ ಪುಲ್ಲಿಗಳ ಮುಖಕ್ಕೆ ಉಕ್ಕಿನ ಪಟ್ಟಿಯೊಂದನ್ನು ಹಿಡಿದು ಸಾಲು ನೋಡಿದೆವು. ಮೂವತ್ತು ಸೆಂಟಿಮೀಟರ್ ಅಂತರಕ್ಕೆ ಒಂದೂವರೆ ಮಿಲಿಮೀಟರಿಗಿಂತ ಹೆಚ್ಚು ವ್ಯತ್ಯಾಸ ಬಂದರೆ ಚಿಲಿಪಿಲಿ ಕಾದಿದೆ ಎಂದು ತಿಳಿಯಬೇಕು.

ಬೆಲ್ಟ್ ಬಿಗಿ ಮಾಡುವಾಗ ಗಾಡಿಯ ಕೈಪಿಡಿಯ ಅಳತೆಯೇ ಪ್ರಮಾಣ. ಎರಡು ಪುಲ್ಲಿಗಳ ನಡುವೆ ಉದ್ದವಾಗಿ ಚಾಚಿರುವ ಭಾಗದ ಮಧ್ಯದಲ್ಲಿ ಸುಮಾರು 10 ಕಿಲೊ ಭಾರದಿಂದ ಒತ್ತಿದಾಗ ಎಷ್ಟು ಮಿಲಿಮೀಟರ್ ತಗ್ಗಬೇಕು ಎಂದು ಅದರಲ್ಲಿ ಕೊಟ್ಟಿರುತ್ತಾರೆ, ಹೊಸ ಬೆಲ್ಟಿಗೂ ಓಡಿದ ಬೆಲ್ಟಿಗೂ ಬೇರೆ ಬೇರೆ ಅಂಕಿ ಇರುವುದುಂಟು. ಹೆಬ್ಬೆರಳಿನ ಅಂದಾಜಿಗೆ ಅನುಭವ ಬೇಕು. ಕೊಕ್ಕೆಯ ತಕ್ಕಡಿ ಸಿಕ್ಕಿಸಿ ಎಳೆದು, ಪಕ್ಕದಲ್ಲಿ ಅಳತೆಪಟ್ಟಿ ಹಿಡಿದರೆ ಅನುಭವವಿಲ್ಲದವರಿಗೂ ಸರಿಯಾದ ಅಂಕಿ ಸಿಗುತ್ತದೆ. ಆಲ್ಟರ್ನೇಟರನ್ನು ಸರಳಿನಿಂದ ಮೀಟುವವರು ಅದರ ಅಲ್ಯೂಮಿನಿಯಂ ಮೈಗೆ ಸರಳು ಒತ್ತದಂತೆ ನೋಡಿಕೊಳ್ಳಬೇಕು, ಆ ಮೈ ಬಿರಿಯುತ್ತದೆ. ಬಿಗಿ ಮಾಡುವ ಬೋಲ್ಟಿನ ಜತೆಗೆ ಕೆಳಗಿನ ತಿರುಗುಬೋಲ್ಟನ್ನೂ ಬಿಗಿ ಮಾಡಲು ಮರೆತರೆ ಮಾಡಿದ ಕೆಲಸವೆಲ್ಲ ಒಂದೇ ದಿನದಲ್ಲಿ ಸಡಿಲಗೊಳ್ಳುತ್ತದೆ. ತಾನಾಗಿ ಬಿಗಿ ಹಿಡಿಯುವ ಸ್ಪ್ರಿಂಗ್ ಟೆನ್ಷನರ್ ಇರುವ ಗಾಡಿಗಳಿಗೆ ಈ ಅಳತೆ ಅನ್ವಯಿಸುವುದಿಲ್ಲ, ಅಲ್ಲಿ ಟೆನ್ಷನರಿನ ಮುಳ್ಳು ಅದರ ಗುರುತುಗಳ ನಡುವೆ ಇದೆಯೇ, ತೋಳು ಸಲೀಸಾಗಿ ಆಡಿ ಮರಳುತ್ತದೆಯೇ ಎಂದು ನೋಡಬೇಕು. ಹಿಗ್ಗಿಸಿ ಹಾಕುವ ಬೆಲ್ಟ್ ಇರುವ ಗಾಡಿಗಳಲ್ಲಿ ಬಿಗಿ ಮಾಡುವ ಏರ್ಪಾಡೇ ಇರುವುದಿಲ್ಲ, ಜಾರಿದರೆ ಬೆಲ್ಟ್ ಬದಲಿಸುವುದೊಂದೇ ದಾರಿ.

ಕಟಪಾಡಿಯ ಕಾರಿಗೆ ಮೂರನೆಯ ಬೆಲ್ಟನ್ನು ಹಾಕಿ, ಹತ್ತು ನಿಮಿಷ ಓಡಿಸಿ, ತಣಿದ ಮೇಲೆ ಬಿಗಿಯನ್ನು ಮತ್ತೆ ಅಳೆದೆವು. ಹೊಸ ಬೆಲ್ಟ್ ಮೊದಲ ಓಟದಲ್ಲಿ ಕಚ್ಚಿನೊಳಗೆ ಕುಳಿತು ತುಸು ಸಡಿಲವಾಗುತ್ತದೆ, ಅಷ್ಟನ್ನು ಸರಿಪಡಿಸಿದೆವು. ಎಸಿ, ಲೈಟು, ವೈಪರು, ಹಿಂದಿನ ಗಾಜು ಎಲ್ಲವನ್ನೂ ಹಾಕಿ ಅಳೆದಾಗ ಕ್ರ್ಯಾಂಕ್ 800ಕ್ಕೆ ಆಲ್ಟರ್ನೇಟರ್ 2010 ತೋರಿಸಿತು. ಬೆಲ್ಟಿನ ಮೇಲೆ ನೀರು ಚಿಮುಕಿಸಿದರೂ ಶಬ್ದವಿರಲಿಲ್ಲ. ಒಂದು ತಿಂಗಳ ನಂತರ, ಹಿಂದಿನ ಎರಡು ಬೆಲ್ಟುಗಳು ಕೈಕೊಟ್ಟಿದ್ದ ಅವಧಿ ದಾಟಿದ ಮೇಲೆ, ಗಾಡಿಯನ್ನು ಮತ್ತೊಮ್ಮೆ ತರಲು ಹೇಳಿದ್ದೆವು. ಅಂದು ಮಳೆಯಲ್ಲೇ ಬಂದರು. ಅದೇ ಹೊರೆಯಲ್ಲಿ ಅಂಕಿ 2005 ಇತ್ತು, ಬಿಚ್ಚಿ ನೋಡಿದಾಗ ಪುಲ್ಲಿಯ ಹೊಳಪು ಗೋಡೆಗಳಲ್ಲಿತ್ತು, ತಳ ಮಂಕಾಗಿತ್ತು.